ಕಾಫಿಯ ಧಾರಣೆ ಏರಿಸಿದವರು ಯಾರು?

ಹದಿನೆಂಟು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಅನಂತರ ಪತ್ರಿಕೆಯ ಮೇಜಿಗೆ ಬಂದವರು ನಾವು. ಆ ಕಾಲದಲ್ಲಿ ದೋಸೆಯ ಕ್ರಯವನ್ನು ಏರಿಸಿದ್ದೇವೆ, ರೈಸ್ ಪ್ಲೇಟಿನ ಕ್ರಯವನ್ನು ಏರಿಸಿದ್ದೇವೆ. ಗಿರಾಕಿಗಳು ಗೊಣಗಿದರು, ತಿಂದರು, ಹೋದರು. ಕಾಫಿಯ ಕ್ರಯವನ್ನು ಮುಟ್ಟಿದ ದಿನ ಮಾತ್ರ ಹಾಗಾಗುತ್ತಿರಲಿಲ್ಲ. ಅಂದು ಗಲ್ಲೆಯ ಎದುರು ಪಂಚಾಯಿತಿಯೇ ಕೂಡುತ್ತಿತ್ತು.

2024ರ ಮೇ ತಿಂಗಳಲ್ಲಿ ಅಂಥದೊಂದು ಪಂಚಾಯಿತಿಯನ್ನು ಮೇಜಿನ ಆಚೆ ಕುಳಿತು ನೋಡುವ ಸುಯೋಗ ನಮಗೆ ದೊರೆಯಿತು. ಮಾಟುಂಗದಲ್ಲಿ ನಮ್ಮ ಮಿತ್ರರೊಬ್ಬರ ಹೋಟೆಲು. ಹಲಗೆಯ ಮೇಲೆ ಕಾಫಿಯ ಹಳೆಯ ದರವನ್ನು ಒರೆಸಿ, ಐದು ರೂಪಾಯಿ ಹೆಚ್ಚಿಸಿ ಬರೆದಿದ್ದರು. ದಿನಾ ಬೆಳಗ್ಗೆ ಎಂಟೂಕಾಲರ ಲೋಕಲ್ ಹಿಡಿಯುವ ಮೊದಲು ಅಲ್ಲಿ ಕಾಫಿ ಕುಡಿಯುವ ಗುಮಾಸ್ತರೊಬ್ಬರು ಹಲಗೆಯನ್ನು ನೋಡಿ, ಲೋಟವನ್ನು ಕೆಳಗಿಟ್ಟು, “ಏನು ಮಾರಾಯರೇ, ಇದು ಯಾರು ಮಾಡಿದ ಅನ್ಯಾಯ?” ಎಂದು ಕೇಳಿದರು. ಮಿತ್ರರು, “ನನ್ನದೇನಿಲ್ಲ, ಪುಡಿಯ ಅಂಗಡಿಯವರನ್ನು ಕೇಳಿ” ಎಂದರು. ಪುಡಿಯ ಅಂಗಡಿಯವರಿಗೂ ಫೋನು ಹೋಯಿತು. ಅವರು, “ಬೀಜ ಬರುವಲ್ಲಿಯೇ ಏರಿದೆ, ಲಂಡನ್ ಪೇಟೆ ನೋಡಿ” ಎಂದುಬಿಟ್ಟರು. ಆಗ ಮೇಜು ಒರೆಸುತ್ತಿದ್ದ ಸಕಲೇಶಪುರದ ಕಡೆಯ ಹುಡುಗ ತಲೆಯೆತ್ತಿ, “ಲಂಡನ್ನಿನಲ್ಲಿ ಕಾಫಿ ಎಲ್ಲಿ ಬೆಳೆಯುತ್ತಾರಣ್ಣ? ಬೆಳೆಯುವವರು ನಾವು. ನಮ್ಮ ತೋಟದಲ್ಲಿ ಗಿಡವೆಲ್ಲ ಸರಿಯಾಗಿಯೇ ಇದೆ” ಎಂದ.

ಹುಡುಗನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಅಲ್ಲಿ ಗಿಡಗಳು ನೆಟ್ಟಗಿವೆ. ಆದರೂ ಮಾಟುಂಗದ ಲೋಟಕ್ಕೆ ಐದು ರೂಪಾಯಿ ಏರಿದೆ. ಏರಿಸಲು ಆಜ್ಞೆ ಕೊಟ್ಟ ಅಧಿಕಾರಿ ಯಾವನೂ ಇಲ್ಲ. ಹಾಗಾದರೆ ಏರಿಸಿದವರು ಯಾರು, ಮತ್ತು ಏಕೆ?

ಇದಕ್ಕೆ ಉತ್ತರವನ್ನು ಮೇ ತಿಂಗಳಿನ ಮಾಟುಂಗದಿಂದ ಆರಂಭಿಸುವುದಕ್ಕಿಂತ ಐವತ್ತು ವರ್ಷ ಹಿಂದಿನ ಬ್ರೆಜಿಲಿನಿಂದ ಆರಂಭಿಸುವುದು ಸುಲಭ. ಅಲ್ಲಿ ಎಲ್ಲವೂ ಒಂದೇ ರಾತ್ರಿಯಲ್ಲಿ ನಡೆದುದರಿಂದ ಕಾರಣ ಯಾವುದು, ಕಾರ್ಯ ಯಾವುದು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ.

1975ರ ಜುಲೈ 17 ಮತ್ತು 18ರಂದು ಬ್ರೆಜಿಲಿನ ಪರಾನಾ ಎಂಬ ಪ್ರಾಂತದ ಮೇಲೆ ಘೋರವಾದ ಹಿಮ ಬಿದ್ದಿತು. ಭೂಮಿಯ ದಕ್ಷಿಣಾರ್ಧದಲ್ಲಿ ಜುಲೈ ಎಂದರೆ ಚಳಿಗಾಲ. ಕಾಫಿ ಗಿಡ ಹಿಮವನ್ನು ತಾಳುವ ಜಾತಿಯದಲ್ಲ. ಎಲೆ ಕಪ್ಪಾಯಿತು, ಕೊಂಬೆ ಒಣಗಿತು, ಎಷ್ಟೋ ತೋಟಗಳಲ್ಲಿ ಗಿಡ ಬುಡದವರೆಗೂ ಸತ್ತಿತು. ಅಂದಿನವರೆಗೆ ಬ್ರೆಜಿಲಿನ ಹೆಸರಾಂತ ಕಾಫಿ ಸೀಮೆಯಾಗಿದ್ದ ಪರಾನಾದಲ್ಲಿ ಮರುವರ್ಷ ಕೊಯ್ಯಲು ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಹಿಮ ಬೀಳುವ ಹೊತ್ತಿಗೆ ಆ ವರ್ಷದ ಕೊಯ್ಲು ಬಹುಪಾಲು ಮುಗಿದಿತ್ತು. ಹಣ್ಣು ಕಣಕ್ಕೆ, ಬೀಜ ಉಗ್ರಾಣಕ್ಕೆ ಬಂದಿತ್ತು. ಜುಲೈ 19ರ ಬೆಳಗ್ಗೆ ಲೋಕದಲ್ಲಿದ್ದ ಕಾಫಿ ಬೀಜ ಜುಲೈ 16ರಂದು ಇದ್ದಷ್ಟೇ. ಆದರೂ ಧಾರಣೆ ಕೂಡಲೇ ಜಿಗಿಯಿತು. ಜಿಗಿದದ್ದು ನಿಲ್ಲದೆ, 1977ರ ಏಪ್ರಿಲ್ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ರಾತಲಿಗೆ ಮೂರು ಡಾಲರನ್ನು ದಾಟಿತು. ಹಿಮ ಬೀಳುವ ಮೊದಲು ಅದು ಒಂದು ಡಾಲರಿಗಿಂತ ಬಹಳ ಕೆಳಗೆ ಇತ್ತು.

ಉಗ್ರಾಣ ತುಂಬಿರುವಾಗ ಧಾರಣೆ ಏರಿಸುವುದು ಮೋಸವಲ್ಲವೇ ಎಂದು ನಮ್ಮ ಗುಮಾಸ್ತ ಮಿತ್ರರು ಕೇಳಿಯಾರು. ಅಮೆರಿಕದ ಗೃಹಿಣಿಯರೂ ಅಂದು ಹಾಗೆಯೇ ಕೇಳಿದರು. ಕಾಫಿಯನ್ನೇ ಬಹಿಷ್ಕರಿಸಬೇಕೆಂದು ಚಳವಳಿಯನ್ನೂ ಹೂಡಿದರು. ಆದರೆ ಬೇರೊಂದು ರೀತಿಯಲ್ಲಿ ಯೋಚಿಸಿ ನೋಡೋಣ. ಧಾರಣೆ ಏರದೆ ಇದ್ದಿದ್ದರೆ ಲೋಕದ ಜನ ಎಂದಿನಂತೆಯೇ ಕುಡಿಯುತ್ತಿದ್ದರು. 1975ರ ಬೀಜವೆಲ್ಲ ಎಂದಿನ ವೇಗದಲ್ಲಿ ಮುಗಿಯುತ್ತಿತ್ತು. 1976ರಲ್ಲಿ ಪರಾನಾದ ಪಾಲು ಬರಬೇಕಾದಾಗ ಅದು ಬರುತ್ತಿರಲಿಲ್ಲ, ಉಗ್ರಾಣವೂ ಬರಿದಾಗಿರುತ್ತಿತ್ತು. ಮನೆಯಲ್ಲಿ ಅಕ್ಕಿಯ ಡಬ್ಬ ತುಂಬಿದೆ, ಆದರೆ ಊರಿನಿಂದ ಬರಬೇಕಾಗಿದ್ದ ಮುಂದಿನ ಮೂಟೆ ನದಿಯಲ್ಲಿ ಕೊಚ್ಚಿಹೋಯಿತೆಂದು ಸುದ್ದಿ ಬಂತು ಎನ್ನಿ. ಜಾಣೆಯಾದ ಗೃಹಿಣಿ ಅಂದಿನ ರಾತ್ರಿಯಿಂದಲೇ ಅಳತೆಯ ಪಾವನ್ನು ಸ್ವಲ್ಪ ತಗ್ಗಿಸುತ್ತಾಳೆ. ಒಂದು ಮನೆಯಲ್ಲಿ ಅದನ್ನು ಮಾಡುವುದು ಗೃಹಿಣಿಯ ಕೈ. ಕೋಟ್ಯಂತರ ಮನೆಗಳಿರುವಲ್ಲಿ ಆ ಕೈ ಧಾರಣೆಯದು.

ಆ ಕೈಯನ್ನು ಎತ್ತಿದವರು ಯಾರು? ಒಬ್ಬರಲ್ಲ. ಬೀಜವನ್ನು ಹಿಡಿದಿದ್ದ ವ್ಯಾಪಾರಿ, “ಮುಂದಿನ ವರ್ಷ ಇದಕ್ಕೆ ಹೆಚ್ಚು ಬರುವುದು ನಿಶ್ಚಯ, ಇಂದು ಅಗ್ಗಕ್ಕೆ ಏಕೆ ಕೊಡಲಿ?” ಎಂದು ಕೈ ಹಿಂತೆಗೆದ. ಕೊಳ್ಳಬೇಕಾದ ಹುರಿಯುವ ಕಾರಖಾನೆಯವನು, “ಮುಂದೆ ಸಿಕ್ಕದಿದ್ದರೆ ಗತಿ ಏನು?” ಎಂದು ಇನ್ನಷ್ಟು ಕೊಡಲು ಮುಂದಾದ. ಇಬ್ಬರೂ ತಮ್ಮ ತಮ್ಮ ಲಾಭವನ್ನೇ ನೋಡಿದರು. ಲೋಕೋಪಕಾರವನ್ನು ಯಾರೂ ಮನಸ್ಸಿನಲ್ಲಿ ತಂದುಕೊಳ್ಳಲಿಲ್ಲ. ಆದರೆ ಅವರ ಎಳೆದಾಟದಿಂದ ಹುಟ್ಟಿದ ಅಂಕಿ, ಮುಂದಿನ ವರ್ಷದ ಅಭಾವದ ಸುದ್ದಿಯನ್ನು ಈ ವರ್ಷದ ಲೋಟದವರೆಗೆ ತಂದಿತು.

ಆ ಸುದ್ದಿ ತಲುಪಿದ ಪ್ರತಿಯೊಬ್ಬನೂ ತನಗೆ ಅಗ್ಗವಾಗಿ ತೋರಿದ ಉಪಾಯವನ್ನು ಹುಡುಕಿಕೊಳ್ಳುತ್ತಾನೆ. ಇದನ್ನು ನಾವು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ, ಅಡಿಗೆಮನೆಯಲ್ಲಿ ಕಂಡು ಹೇಳುತ್ತಿದ್ದೇವೆ. ಪುಡಿಯ ಬೆಲೆ ಏರಿದಾಗ ಒಬ್ಬ ಹೋಟೆಲಿನವನು ಚಿಕೋರಿಯ ಪಾಲನ್ನು ಇಪ್ಪತ್ತರಿಂದ ಮೂವತ್ತಕ್ಕೆ ಒಯ್ಯುತ್ತಾನೆ. ಚಿಕೋರಿ ಗುಜರಾತಿನಲ್ಲಿ ಬೆಳೆಯುವ ಒಂದು ಬೇರು. ಹುರಿದು ಪುಡಿ ಮಾಡಿದರೆ ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ನೂರಕ್ಕೆ 49ರ ಒಳಗೆ ಇರಬೇಕು, ಮತ್ತು ಎಷ್ಟಿದೆ ಎಂಬುದನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಇನ್ನೊಬ್ಬ ಲೋಟವನ್ನು ಚಿಕ್ಕದು ಮಾಡುತ್ತಾನೆ. ಗಿರಾಕಿಗಳಲ್ಲಿ ಇಬ್ಬರು ಸೇರಿ ಒಂದನ್ನು ಹಂಚಿಕೊಳ್ಳುತ್ತಾರೆ. ಬೆಂಗಳೂರಿನ ಬೈಟು, ಮುಂಬಯಿಯ ಕಟಿಂಗ್ ಎಲ್ಲ ಇದೇ ವಂಶದವು. ಮೂರನೆಯವನು ಮಧ್ಯಾಹ್ನದ ಕಾಫಿಯನ್ನು ಬಿಟ್ಟು ಚಹಾಕ್ಕೆ ಇಳಿಯುತ್ತಾನೆ. ಕಾಫಿಯಿಲ್ಲದೆ ತಲೆ ಸಿಡಿಯುವವನು ಮಾತ್ರ ಕೊಟ್ಟು ಕುಡಿಯುತ್ತಾನೆ. ಇವರಲ್ಲಿ ಯಾರಿಗೂ ಪರಾನಾ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿದ ಹಯೆಕ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ ಬರೆದ ಒಂದು ಲೇಖನದಲ್ಲಿ ತವರದ ಉದಾಹರಣೆಯಿಂದ ಇದನ್ನೇ ತೋರಿಸಿದ್ದರು. ತವರ ಕಡಮೆಯಾದದ್ದು ಗಣಿ ಮುಚ್ಚಿದ್ದರಿಂದಲೋ, ಅದಕ್ಕೆ ಹೊಸ ಉಪಯೋಗ ಹುಟ್ಟಿದ್ದರಿಂದಲೋ ಎಂಬುದು ಬಳಸುವವನಿಗೆ ತಿಳಿಯಬೇಕಾಗಿಲ್ಲ. ಮಿತವಾಗಿ ಬಳಸಬೇಕೆಂಬುದು ತಿಳಿದರೆ ಸಾಕು.

ಈಗ ಮಾಟುಂಗಕ್ಕೆ ಮರಳೋಣ. 2024ರಲ್ಲಿ ಬ್ರೆಜಿಲಿನ ಹಿಮದಂಥ ಒಂದೇ ರಾತ್ರಿಯ ಕಾರಣ ಇರಲಿಲ್ಲ. ಹಲವು ಕಾರಣಗಳು ಒಂದರ ಮೇಲೊಂದು ಬಂದು ಕುಳಿತಿದ್ದವು. 2021ರ ಜುಲೈಯಲ್ಲಿ ಬ್ರೆಜಿಲಿನ ಮಿನಾಸ್ ಜೆರೈಸ್ ಪ್ರಾಂತದಲ್ಲಿ ಮತ್ತೆ ಹಿಮ ಬಿದ್ದು ಅರೇಬಿಕಾ ತುಟ್ಟಿಯಾಯಿತು. ಅರೇಬಿಕಾ ತುಟ್ಟಿಯಾದಾಗ ಪರದೇಶದ ಕಾರಖಾನೆಗಳು ತಮ್ಮ ಮಿಶ್ರಣದಲ್ಲಿ ರೊಬಸ್ಟಾವನ್ನು ಹೆಚ್ಚಿಸಿದವು. ಅವರು ಮಾಡಿದ್ದು ನಮ್ಮ ಹೋಟೆಲಿನವನು ಚಿಕೋರಿ ಹೆಚ್ಚಿಸುವ ಕೆಲಸವನ್ನೇ, ದೊಡ್ಡ ಪ್ರಮಾಣದಲ್ಲಿ. ರೊಬಸ್ಟಾ ಬೆಳೆಯುವುದರಲ್ಲಿ ಲೋಕಕ್ಕೆ ಮೊದಲಿಗರು ವಿಯೆಟ್ನಾಮಿನವರು. ಅಲ್ಲಿ ಅದೇ ಹೊತ್ತಿಗೆ ಬೇರೆ ಸಂಗತಿ ನಡೆದಿತ್ತು. 2022ರಲ್ಲಿ ಚೀನಾ ದೇಶವು ವಿಯೆಟ್ನಾಮಿನ ಡೂರಿಯನ್ ಹಣ್ಣಿಗೆ ತನ್ನ ಬಾಗಿಲನ್ನು ಅಧಿಕೃತವಾಗಿ ತೆರೆಯಿತು. ಡೂರಿಯನ್ ಎಂದರೆ ನಮ್ಮ ಹಲಸಿನಂತೆ ಮುಳ್ಳುಳ್ಳ, ಕಟುವಾದ ವಾಸನೆಯ ಹಣ್ಣು. ಅದರ ಬೆಲೆಯನ್ನು ಕಂಡ ರೈತರಲ್ಲಿ ಹಲವರು ಕಾಫಿಯನ್ನು ಕಿತ್ತು ಡೂರಿಯನ್ ನೆಟ್ಟರು. ಮೇಲಿಂದ 2024ರಲ್ಲಿ ಅಲ್ಲಿ ಬರಗಾಲ. ಲಂಡನ್ನಿನ ವಾಯಿದೆ ಪೇಟೆಯಲ್ಲಿ ರೊಬಸ್ಟಾ ಆ ಏಪ್ರಿಲಿನಲ್ಲಿ ಟನ್ನಿಗೆ 4,000 ಡಾಲರನ್ನೂ, ಸೆಪ್ಟೆಂಬರಿನಲ್ಲಿ 5,000 ಡಾಲರನ್ನೂ ದಾಟಿತು. ಚೀನಾದ ಊಟದ ಮೇಜಿನ ಹಣ್ಣಿಗೂ ಮಾಟುಂಗದ ಲೋಟಕ್ಕೂ ನಂಟುಂಟೆಂದು ಆ ಗುಮಾಸ್ತರಿಗೆ ಹೇಳಿದರೆ ನಮ್ಮನ್ನು ಆಸ್ಪತ್ರೆಗೆ ಕಳುಹಿಸಿಯಾರು.

ನಮ್ಮ ಹುಡುಗನ ತೋಟ ಸರಿಯಾಗಿಯೇ ಇದ್ದರೂ ಅವನ ಕಾಫಿ ಏಕೆ ತುಟ್ಟಿಯಾಗಬೇಕು? ನಮ್ಮ ದೇಶದ ಬೆಳೆಯಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಪರದೇಶಕ್ಕೆ ಹೋಗತಕ್ಕದ್ದು. ಇಟಲಿಯವನು ಹೆಚ್ಚು ಕೊಡುತ್ತಿರುವಾಗ ಮುಂಬಯಿಯ ಪುಡಿ ಅಂಗಡಿಗೆ ಕಡಮೆಗೆ ಕೊಡುವ ಬೆಳೆಗಾರನಿಲ್ಲ, ಕೊಡಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

ಐದು ರೂಪಾಯಿ ನ್ಯಾಯವೇ ಎಂಬುದನ್ನು ಮಾತ್ರ ಲೆಕ್ಕ ಹಾಕಿ ನೋಡಬಹುದು. ಮಲೆನಾಡಿನಲ್ಲಿ ರೊಬಸ್ಟಾ ಚೆರ್ರಿಯನ್ನು, ಎಂದರೆ ಸಿಪ್ಪೆಯೊಡನೆ ಒಣಗಿಸಿದ ಹಣ್ಣನ್ನು, 50 ಕಿಲೋ ಮೂಟೆಯ ಲೆಕ್ಕದಲ್ಲಿ ಮಾರುತ್ತಾರೆ. ಸಿಪ್ಪೆ ತೆಗೆದರೆ ಒಂದು ಮೂಟೆಗೆ ಸುಮಾರು 26 ಕಿಲೋ ಶುದ್ಧ ಬೀಜ ಬರುತ್ತದೆ. ಇದನ್ನೇ ಬೆಳೆಗಾರರು ‘ಓಟಿ’ ಎನ್ನುವುದು. ಮೂಟೆಗೆ 4,000 ರೂಪಾಯಿ ಇದ್ದಾಗ ಬೀಜ ಕಿಲೋಗೆ 154 ರೂಪಾಯಿ ಬಿತ್ತು. 2024ರ ಬೇಸಗೆಯಲ್ಲಿ ಮೂಟೆ 10,000ದ ಸುತ್ತ ಬಂದಾಗ ಅದೇ ಬೀಜ 385 ರೂಪಾಯಿ. ಹುರಿಯುವಾಗ ತೇವ ಹಾರಿ ನೂರು ಕಿಲೋ ಬೀಜ 84 ಕಿಲೋ ಆಗುತ್ತದೆಂದು ಹಿಡಿದರೆ ಪುಡಿಯ ಮೇಲೆ ಏರಿದ್ದು ಕಿಲೋಗೆ ಸುಮಾರು 275 ರೂಪಾಯಿ. ಪುಡಿಯಲ್ಲಿ ಕಾಫಿ ಎಪ್ಪತ್ತು ಪಾಲು, ಚಿಕೋರಿ ಮೂವತ್ತು ಪಾಲು ಎಂದರೆ ಏರಿಕೆ 192ಕ್ಕೆ ಇಳಿಯುತ್ತದೆ. ಒಂದು ಲೋಟಕ್ಕೆ 10 ಗ್ರಾಂ ಪುಡಿ. ಅಂತೂ ಲೋಟಕ್ಕೆ ಏರಬೇಕಾದದ್ದು ಎರಡು ರೂಪಾಯಿಗೆ ಸ್ವಲ್ಪ ಕಡಮೆ. ಉಳಿದ ಮೂರು ರೂಪಾಯಿಯಲ್ಲಿ ಹಾಲಿನದೆಷ್ಟು, ಗ್ಯಾಸಿನದೆಷ್ಟು, ಬಾಡಿಗೆಯದೆಷ್ಟು, ‘ಹೇಗೂ ಹಲಗೆ ಒರೆಸುತ್ತಿದ್ದೇನೆ’ ಎಂಬುದರದೆಷ್ಟು ಎಂಬುದನ್ನು ನಮ್ಮ ಮಿತ್ರರೇ ಹೇಳಬೇಕು. ಹೋಟೆಲ್ ಬಂಧುಗಳು ನಮ್ಮ ಮೇಲೆ ಮುನಿದರೂ ಅಡ್ಡಿಯಿಲ್ಲ. ನಾವೂ ಹಲಗೆ ಒರೆಸಿದವರೇ.

ಕುಡಿಯುವವರ ಕಡೆಯ ಕಥೆ ಇಷ್ಟಾಯಿತು. ಬೆಳೆಯುವವರ ಕಡೆಗೆ ಹೋದರೆ ಇದೇ ಅಂಕಿಯು ಬೇರೊಂದು ಭಾಷೆಯಲ್ಲಿ ಮಾತಾಡುತ್ತದೆ. ಅಲ್ಲಿ ಅದು ‘ಹೆಚ್ಚು ಮಾಡು’ ಎನ್ನುತ್ತದೆ. ಆದರೆ ಕಾಫಿ ಗಿಡ ರಾಗಿಯ ಪೈರಲ್ಲ. ಇಂದು ನೆಟ್ಟರೆ ಫಲ ಕಾಣುವುದು ಮೂರು ನಾಲ್ಕು ವರ್ಷಕ್ಕೆ.

ಆದ್ದರಿಂದ ಬೆಳೆಗಾರನ ಉತ್ತರ ಎರಡು ಬಗೆಯದು. ಒಂದು, ಅದೇ ವರ್ಷ ಕೊಡಬಹುದಾದ ಉತ್ತರ. ಧಾರಣೆ ಇಲ್ಲದಾಗ ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಹೆಕ್ಕಲು ಕೂಲಿ ಕೊಟ್ಟರೆ ನಷ್ಟ, ಬಿಟ್ಟುಬಿಡುತ್ತಾರೆ. ಧಾರಣೆ ಬಂದಾಗ ಅದೇ ಹಣ್ಣನ್ನು ಒಂದೊಂದಾಗಿ ಹೆಕ್ಕಿಸುತ್ತಾರೆ. ರೊಬಸ್ಟಾಕ್ಕೆ ಫೆಬ್ರುವರಿ, ಮಾರ್ಚಿಯಲ್ಲಿ ಹೂಮಳೆ ಬೀಳಬೇಕು. ಬೀಳದಿದ್ದರೆ ಹೂವು ಅರಳದೆ ಫಸಲು ಹೋಗುತ್ತದೆ. ಧಾರಣೆ ಇದ್ದವನು ಮಳೆಯ ದಾರಿ ಕಾಯದೆ ಡೀಸಲ್ ಸುಟ್ಟು ಸ್ಪ್ರಿಂಕ್ಲರಿನಿಂದ ನೀರು ಹಾರಿಸುತ್ತಾನೆ. ಗೊಬ್ಬರ ಹಾಕುತ್ತಾನೆ, ಚಿಗುರು ತೆಗೆಸುತ್ತಾನೆ, ಕಳ್ಳರ ಭಯಕ್ಕೆ ಕಣದ ಬಳಿ ರಾತ್ರಿ ಕಾವಲನ್ನೂ ಇಡುತ್ತಾನೆ. ಹೀಗೆ ಮಾಡೆಂದು ಯಾವ ಕಚೇರಿಯಿಂದಲೂ ಅವನಿಗೆ ಸುತ್ತೋಲೆ ಬರಲಿಲ್ಲ. ಯಾವ ತೋಟದ ಯಾವ ಮೂಲೆಯಲ್ಲಿ ನೀರು ಸಿಕ್ಕೀತು ಎಂಬುದು ಕಚೇರಿಗೆ ತಿಳಿಯುವಂತೆಯೂ ಇರಲಿಲ್ಲ. ಅದು ತಿಳಿದಿರುವುದು ಅವನೊಬ್ಬನಿಗೆ.

ಎರಡನೆಯದು ಹೊಸ ಗಿಡ ನೆಡುವ ಉತ್ತರ. ಅಪಾಯ ಇರುವುದು ಇಲ್ಲಿ. ಇಂದಿನ ಧಾರಣೆಯನ್ನು ನೋಡಿ ಇಂದು ನೆಡುತ್ತಾನೆ; ಮಾರುವುದು ನಾಲ್ಕು ವರ್ಷದ ಮೇಲಿನ ಧಾರಣೆಗೆ. ಅವನೊಬ್ಬನೇ ನೆಟ್ಟರೆ ಚಿಂತೆಯಿಲ್ಲ. ಅದೇ ಅಂಕಿಯನ್ನು ಅದೇ ಬೆಳಗ್ಗೆ ಕೊಡಗಿನವನೂ, ವಿಯೆಟ್ನಾಮಿನವನೂ, ಬ್ರೆಜಿಲಿನವನೂ ನೋಡಿರುತ್ತಾರೆ. ಪಕ್ಕದವನು ಎಷ್ಟು ನೆಡುತ್ತಿದ್ದಾನೆ ಎಂಬುದನ್ನು ಧಾರಣೆ ಹೇಳುವುದಿಲ್ಲ. ಅದು ಹೇಳುವ ಹೊತ್ತಿಗೆ ಎಲ್ಲರ ಗಿಡವೂ ಫಲಕ್ಕೆ ಬಂದಿರುತ್ತದೆ.

1994ರ ಜೂನ್, ಜುಲೈ ತಿಂಗಳುಗಳಲ್ಲಿ ಬ್ರೆಜಿಲಿನಲ್ಲಿ ಎರಡು ಸಲ ಹಿಮ ಬಿದ್ದು ಧಾರಣೆ ಕೆಲವೇ ವಾರಗಳಲ್ಲಿ ದುಪ್ಪಟ್ಟಾಯಿತು. 1997ರಲ್ಲಿ ಇನ್ನೊಮ್ಮೆ ಏರಿತು. ಲೋಕವೆಲ್ಲ ನೆಟ್ಟಿತು. ವಿಯೆಟ್ನಾಮಿನವರು ಎಲ್ಲರಿಗಿಂತ ಹೆಚ್ಚು ನೆಟ್ಟರು. ಅಲ್ಲಿ ಬರಿಯ ಧಾರಣೆಯಲ್ಲದೆ ಸರ್ಕಾರದ ನೆಲ, ಸಾಲಗಳ ಪ್ರೋತ್ಸಾಹವೂ ಇತ್ತೆಂಬುದನ್ನು ಹೇಳದಿದ್ದರೆ ತಪ್ಪಾದೀತು. 1980ರ ಸುಮಾರಿಗೆ ಕಾಫಿ ಪೇಟೆಯಲ್ಲಿ ಹೆಸರೇ ಇಲ್ಲದಿದ್ದ ಆ ದೇಶ 2000ದ ಹೊತ್ತಿಗೆ ಕೊಲಂಬಿಯವನ್ನು ಹಿಂದೆ ಹಾಕಿ ಬ್ರೆಜಿಲಿನ ಮರುಸ್ಥಾನಕ್ಕೆ ಬಂದಿತು. ಫಲವೆಲ್ಲ ಒಟ್ಟಿಗೆ ಪೇಟೆಗೆ ಬಂದಾಗ 2001ರಲ್ಲಿ ನ್ಯೂಯಾರ್ಕ್ ಧಾರಣೆ ರಾತಲಿಗೆ ಅರ್ಧ ಡಾಲರಿಗಿಂತ ಕೆಳಗೆ ಬಿದ್ದಿತು.

ನಾವು ಮುಂಬಯಿಗೆ ಬಂದದ್ದು ಆ ಕಾಲದಲ್ಲಿಯೇ. ನಮ್ಮ ಮಾವನವರ ಹೋಟೆಲಿನಲ್ಲಿ ಅದುವರೆಗೆ ಕೆಲಸಕ್ಕೆ ಬರುತ್ತಿದ್ದವರೆಲ್ಲ ಕರಾವಳಿಯ ಹುಡುಗರು. ಆ ಒಂದೆರಡು ವರ್ಷ ಮಾತ್ರ ಘಟ್ಟದ ಮೇಲಿನ ಹುಡುಗರು ಒಬ್ಬರ ಹಿಂದೊಬ್ಬರಾಗಿ ಬಂದರು. ತಟ್ಟೆ ತೊಳೆಯಲು ನಿಂತ ಒಬ್ಬನ ಕೈಯ ಮೇಲೆ ಕಾಫಿ ಕೊಯ್ಲಿನ ಕರೆ ಇನ್ನೂ ಇತ್ತು. ಮನೆಯಲ್ಲಿ ಮೂರೆಕರೆ ತೋಟವಿದ್ದವನು. ‘ಕೊಯ್ದರೆ ಕೂಲಿ ಹುಟ್ಟುವುದಿಲ್ಲ, ಬಿಟ್ಟರೆ ಗಿಡ ಹಾಳಾಗುತ್ತದೆ, ಅಪ್ಪ ಕೊಯ್ಯುತ್ತಾರೆ, ನಾನು ಇಲ್ಲಿಂದ ಹಣ ಕಳಿಸುತ್ತೇನೆ’ ಎಂದಿದ್ದ. ಧಾರಣೆ ಬಿದ್ದೊಡನೆ ಬೆಳೆ ಏಕೆ ತಗ್ಗಲಿಲ್ಲ ಎಂಬುದಕ್ಕೆ ಅವನ ಮಾತಿಗಿಂತ ಸ್ಪಷ್ಟವಾದ ಉತ್ತರವನ್ನು ನಾವು ಬೇರೆಲ್ಲಿಯೂ ಓದಿಲ್ಲ. ನೆಟ್ಟ ಖರ್ಚು ಹೋದದ್ದು ಹೋಯಿತು. ಇನ್ನು ಗಿಡವನ್ನು ಕೀಳಲು ಮತ್ತೆ ಖರ್ಚು. ಕೊಯ್ಲಿನ ಖರ್ಚಷ್ಟೇ ಹುಟ್ಟಿದರೂ ಸಾಕೆಂದು ಜನ ಕೊಯ್ಯುತ್ತಲೇ ಹೋಗುತ್ತಾರೆ. ಹೀಗಾಗಿ ಹಿಮದಿಂದ ಏರಿದ ಧಾರಣೆ ಎರಡು ಮೂರು ವರ್ಷ ನಿಂತರೆ, ಅತಿ ನೆಡುವಿಕೆಯಿಂದ ಬಿದ್ದ ಧಾರಣೆ ಅದಕ್ಕಿಂತ ಹೆಚ್ಚು ಕಾಲ ಬಿದ್ದೇ ಇರುತ್ತದೆ.

ಹಾಗಾದರೆ ಇದನ್ನೆಲ್ಲ ಒಬ್ಬರು ಕುಳಿತು ಯೋಜಿಸಿದ್ದರೆ ಲೇಸಾಗುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಕಾಫಿಯ ಬಗೆಗೆ ಕಲ್ಪನೆಯಿಂದ ಉತ್ತರಿಸಬೇಕಾಗಿಲ್ಲ. ನಮ್ಮ ದೇಶ ಅದನ್ನು ಅರ್ಧ ಶತಮಾನ ಮಾಡಿ ನೋಡಿದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿ ಬೆಳೆಗಾರರು ಕಂಗಾಲಾದಾಗ, 1940ರ ದಶಕದಲ್ಲಿ ಪೂಲ್ ಪದ್ಧತಿ ಬಂದಿತು. ಮನೆಯ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಬಿಟ್ಟು ಉಳಿದುದನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಬೇಕು. ಬೋರ್ಡು ಅದನ್ನು ದೇಶದೊಳಗೂ ಹೊರಗೂ ಹರಾಜು ಹಾಕಿ ಮಾರುತ್ತದೆ. ಒಪ್ಪಿಸಿದಾಗ ಬೆಳೆಗಾರನಿಗೆ ಒಂದು ಮುಂಗಡ. ಉಳಿದದ್ದು ಮಾರಾಟವಾದಂತೆ ಕಂತು ಕಂತಾಗಿ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರಿದ್ದರಿಂದ ಸಿಗುತ್ತಿದ್ದದ್ದು ರಾಶಿಯ ಸರಾಸರಿ.

ಕಷ್ಟಕಾಲದಲ್ಲಿ ಆ ವ್ಯವಸ್ಥೆ ಸಣ್ಣ ಬೆಳೆಗಾರನನ್ನು ಕಾಪಾಡಿತೆಂಬುದನ್ನು ಹಳಬರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ನಾವು ಯಾರು? ಆದರೆ ಕೊನೆಯ ಕಂತು ಕೈಗೆ ಬರುವಾಗ ಎಷ್ಟೋ ಸಲ ಮುಂದಿನ ಕೊಯ್ಲೂ ಮುಗಿದಿರುತ್ತಿತ್ತು. ಹೊರಗಿನ ಲೋಕದಲ್ಲಿ ಅಭಾವವಾಗಿದೆಯೆಂಬ ಸುದ್ದಿ ಅವನ ಕಣಕ್ಕೆ ಬರುತ್ತಿದ್ದದ್ದು ತಡವಾಗಿ, ಸರಾಸರಿಯಲ್ಲಿ ಕರಗಿ, ನೀರಾಗಿ. ನೀರು ಹಾರಿಸುವ ಮಾರ್ಚಿಯಲ್ಲಿ ಅವನಿಗೆ ಗೊತ್ತಿರುತ್ತಿದ್ದದ್ದು ಹಿಂದಿನ ಸಾಲಿನ ಮುಂಗಡವೊಂದೇ. 1992ರಿಂದ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿಯಾಗಿ ಮಾರಾಟವನ್ನು ಬೆಳೆಗಾರನಿಗೇ ಬಿಟ್ಟರು. 1994ರ ಹಿಮದ ಏರಿಕೆ ಸಡಿಲವಾಗುತ್ತಿದ್ದ ಆ ಬಾಗಿಲಿನ ಮೂಲಕ ಮಲೆನಾಡಿಗೆ ಬಂದಿತು. ಆರೇಳು ವರ್ಷದಲ್ಲಿ 2001ರ ಕುಸಿತವೂ ಅದೇ ಬಾಗಿಲಿನಿಂದ ಬಂದಿತು. ಬಾಗಿಲು ತೆರೆದ ಮೇಲೆ ಬರುವವರನ್ನು ಆರಿಸುವಂತಿಲ್ಲ.

ಧಾರಣೆ ಹೇಳದ ಇನ್ನೊಂದು ಸಂಗತಿಯೂ ಉಂಟು. ಅದು ಹಣವುಳ್ಳವನ ಬಯಕೆಯನ್ನು ಎಣಿಸುತ್ತದೆ, ಬರಿಯ ಬಯಕೆಯನ್ನು ಎಣಿಸುವುದಿಲ್ಲ. ಮಧ್ಯಾಹ್ನದ ಕಾಫಿಯನ್ನು ಬಿಟ್ಟವರು ನಮ್ಮ ಗುಮಾಸ್ತರು. ಅವರಿಗೆ ಅದು ಬೇಡವಾಗಿತ್ತೆಂದಲ್ಲ. ನರಿಮನ್ ಪಾಯಿಂಟಿನ ದೊಡ್ಡ ಹೋಟೆಲಿನಲ್ಲಿ ಮುನ್ನೂರು ರೂಪಾಯಿ ಕೊಟ್ಟು ಕುಡಿಯುವವರು ಒಂದು ಗುಟುಕನ್ನೂ ಕಡಮೆ ಮಾಡಲಿಲ್ಲ. ಕಾಫಿಯ ವಿಷಯದಲ್ಲಿ ಇದನ್ನು ಸಹಿಸಬಹುದು. ಅಕ್ಕಿಯ ವಿಷಯದಲ್ಲಿ ಸಹಿಸಲಾಗದೆಂದೇ ರೇಷನ್ ಅಂಗಡಿ ಇರುವುದು.

ಮುಂದೆ ಧಾರಣೆ ಹೇಗಾದೀತೆಂದು ಊಹಿಸಬಯಸುವ ಬೆಳೆಗಾರನ ಮಕ್ಕಳಿಗೆ ಒಂದು ಗುರುತನ್ನು ಹೇಳಬಹುದು. ವಾಯಿದೆ ಪೇಟೆಯಲ್ಲಿ ಒಂದೇ ದಿನ ಹಲವು ಧಾರಣೆಗಳು ಇರುತ್ತವೆ. ಸಮೀಪದ ತಿಂಗಳಲ್ಲಿ ಕೊಡತಕ್ಕ ಕಾಫಿಗೆ ಒಂದು, ಮುಂದಿನ ವರ್ಷ ಕೊಡತಕ್ಕ ಕಾಫಿಗೆ ಇನ್ನೊಂದು. ಸಾಮಾನ್ಯವಾಗಿ ಉಗ್ರಾಣದ ಬಾಡಿಗೆ, ಬಡ್ಡಿಗಳು ಸೇರಿ ದೂರದ ತಿಂಗಳಿನದೇ ತುಸು ಹೆಚ್ಚು. ಸಮೀಪದ್ದೇ ಹೆಚ್ಚಾಗಿ ದೂರದ್ದು ಕಡಮೆಯಾಗಿದ್ದರೆ, ‘ಈಗ ಸರಕಿಲ್ಲ, ಆದರೆ ಬರುತ್ತದೆ’ ಎಂದು ಪೇಟೆ ಹೇಳುತ್ತಿದೆಯೆಂದು ಅರ್ಥ. 2024ರಲ್ಲಿ ರೊಬಸ್ಟಾದ ಪಟ್ಟಿ ಬಹುಕಾಲ ಹೀಗೆಯೇ ಇತ್ತು. ಇದು ಭವಿಷ್ಯವಾಣಿಯಲ್ಲ. ಹಲವರು ತಮ್ಮ ಸ್ವಂತ ಹಣವನ್ನು ಪಣಕ್ಕಿಟ್ಟು ಮಾಡಿದ ಊಹೆ, ಅಷ್ಟೇ. ಒಂದು ಹಿಮ ಬಿದ್ದರೆ ಮರುದಿನವೇ ತಲೆಕೆಳಗಾಗುತ್ತದೆ.

ಸಕಲೇಶಪುರದ ಹುಡುಗನ ಮನೆಯಲ್ಲಿ 2024ರ ಮಳೆಗಾಲಕ್ಕೆ ಇದೇ ಚರ್ಚೆ ನಡೆಯಿತಂತೆ. ಅಣ್ಣನಿಗೆ ಗದ್ದೆಯನ್ನು ಮುಚ್ಚಿ ರೊಬಸ್ಟಾ ನೆಡುವ ಹಂಬಲ; ಊರಿನಲ್ಲಿ ನಾಲ್ಕಾರು ಮಂದಿ ಆಗಲೇ ನೆಟ್ಟಿದ್ದರು. ತಂದೆ 2001ನ್ನು ಕಂಡವರು. ಗದ್ದೆಯನ್ನು ಮುಟ್ಟಗೊಡಲಿಲ್ಲ. ಬಂದ ಹಣದಲ್ಲಿ ಹಳೆಯ ಸಾಲ ತೀರಿಸಿ, ಹಳೆಯ ತೋಟಕ್ಕೆ ಪೈಪು ಎಳೆಸಿದರು. ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದರು. ಅಣ್ಣತಮ್ಮಂದಿರಿಗೆ ತಂದೆಯ ಮೇಲೆ ಇನ್ನೂ ಕೋಪವಿದೆ. ಯಾರು ಸರಿ ಎಂಬುದು ಊರಿನವರ ಹೊಸ ಗಿಡಗಳು ಫಲಕ್ಕೆ ಬಂದಾಗ, 2028ರ ಸುಮಾರಿಗೆ ತಿಳಿದೀತು.

2025ರ ಜುಲೈ ಹೊತ್ತಿಗೆ ಲಂಡನ್ನಿನ ರೊಬಸ್ಟಾ ಧಾರಣೆ ವರ್ಷಾರಂಭದ ಶಿಖರದಿಂದ ಬಹಳ ಕೆಳಗೆ ಇಳಿದಿತ್ತು. ಆ ಸುದ್ದಿ ಓದಿಕೊಂಡು ಬಂದ ಗುಮಾಸ್ತರು ಲೋಟ ಮುಗಿಸಿ, ಗಲ್ಲೆಯ ಬಳಿಗೆ ಬಂದು, “ಮಾರಾಯರೇ, ಲಂಡನ್ನಿನಲ್ಲಿ ಇಳಿಯಿತಂತಲ್ಲ?” ಎಂದರು. ನಮ್ಮ ಮಿತ್ರರು ಚಿಲ್ಲರೆ ಎಣಿಸಿ ಅವರ ಕೈಗಿಟ್ಟು, “ಹಾಲು ಏರಿದೆ” ಎಂದರು.